ಗಾಲಿಯಮ್ಮನಿಗೆ ಎರಡು ಪರಿಚಯ

ನಮ್ಮ ದೊಡ್ಡಮ್ಮನಿಗೆ ಮೈಕು ಬೇಕಿಲ್ಲ. ಆದರೂ ಮೈಕು ಹಿಡಿಯುವುದೇ ಅವರ ಕೆಲಸ. ಊರಿನಲ್ಲಿ ಯಾವ ಸಭೆಯಾದರೂ ವೇದಿಕೆಯ ಪಕ್ಕ ನಿಂತು, ಬಂದ ಅತಿಥಿಯನ್ನು ಜನರಿಗೆ ಪರಿಚಯಿಸುವವರು ಅವರೇ. ಇಪ್ಪತ್ತು ವರ್ಷದಿಂದ ಹೀಗೇ ನಡೆದಿದೆ. ಕರೆಂಟು ಹೋದರೂ ಕೊನೆಯ ಸಾಲಿನವರಿಗೆ ಒಂದಕ್ಷರ ತಪ್ಪದೆ ಕೇಳಿಸುವ ಗಂಟಲು.

ನಾನು ಪರದೆಯ ಹಿಂದೆ ಕೂರುವವಳು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟೆ. ಅಕ್ಷರ ಮಾತ್ರ ದುಂಡಗೆ ಬರುತ್ತದೆ. ದೊಡ್ಡಮ್ಮ ಕನ್ನಡಕ ಹಾಕುವುದಿಲ್ಲ, ಹಾಕಿದರೆ ಓಲೆ ಎದ್ದು ಕಾಣುವುದಿಲ್ಲವಂತೆ. ಹಾಗಾಗಿ ಅವರು ಓದಬೇಕಾದ್ದನ್ನೆಲ್ಲ ನಾನು ದಪ್ಪ ರಟ್ಟಿನ ಮೇಲೆ, ಹೆಬ್ಬೆರಳಷ್ಟು ದೊಡ್ಡ ಅಕ್ಷರದಲ್ಲಿ ಬರೆದು ಕೊಡುತ್ತೇನೆ. ಒಂದು ರಟ್ಟಿಗೆ ಐದು ಸಾಲು. ಅಷ್ಟು ದೊಡ್ಡದಾಗಿ ಬರೆದರೂ ಅವರಿಗೆ ಕಾಣುವುದು ಒಂದೊಂದೇ ಸಾಲು. ಮುಂದೇನಿದೆ ಎಂದು ಗೊತ್ತಾಗುವುದು ಓದಿದ ಮೇಲೆಯೇ. ರಟ್ಟಿನ ಮೇಲೆ ಏನಿದೆಯೋ ಅದೆಲ್ಲ ಬಾಯಿಂದ ಹೊರಗೆ ಬರುತ್ತದೆ. ಹೊಸದರಲ್ಲಿ ಒಮ್ಮೆ ನಾನು ಕಂಸದಲ್ಲಿ ‘ಇಲ್ಲಿ ನೀರು ಕುಡಿಯಿರಿ’ ಎಂದು ಬರೆದಿದ್ದೆ. ದೊಡ್ಡಮ್ಮ ಗಂಭೀರವಾಗಿ ಸಭೆಗೆಲ್ಲ ಹಾಗೆಂದರು. ಮುಂದಿನ ಸಾಲಿನ ಇಬ್ಬರು ಎದ್ದು ಹೋಗಿ ಕುಡಿದು ಬಂದರು. ಅಂದಿನಿಂದ ನಾನು ರಟ್ಟಿನ ಮೇಲೆ ಹೆಚ್ಚಿನದ್ದೇನೂ ಬರೆದಿರಲಿಲ್ಲ.

ಮೊದಲು ದೊಡ್ಡಮ್ಮನದು ಒಬ್ಬ ಅತಿಥಿಗೆ ಒಂದೇ ಹಾಳೆ. ಹುಟ್ಟು, ಓದು, ಪದವಿ, ಪ್ರಶಸ್ತಿ, ಎಲ್ಲ ಸಾಲಾಗಿ. ಶಾಲೆಗೂ ಅದೇ, ಬ್ಯಾಂಕಿನವರಿಗೂ ಅದೇ. ಕಣ್ಣಿನ ಡಾಕ್ಟರೊಬ್ಬರನ್ನು ಮೂರನೇ ತರಗತಿಯ ಮಕ್ಕಳಿಗೆ ಪರಿಚಯಿಸುವಾಗ ಹದಿನಾಲ್ಕು ಪದವಿ ಓದಿದ್ದರು. ಒಂಬತ್ತನೆಯದಕ್ಕೆ ಒಂದು ಮಗು ಅಳಲು ಶುರು ಮಾಡಿತು, ಹನ್ನೆರಡನೆಯದಕ್ಕೆ ಡಾಕ್ಟರೇ ಕೈಮುಗಿದರು.

ಅದನ್ನು ನೋಡಿದ ಮೇಲೆ ನಾನು ಧೈರ್ಯ ಮಾಡಿ ಹೇಳಿದೆ. “ದೊಡ್ಡಮ್ಮ, ಕೇಳೋರು ಬೇರೆ ಬೇರೆ ಅಲ್ವಾ? ಪರಿಚಯಾನೂ ಬೇರೆ ಬೇರೆ ಬರೀಲಾ?”

“ಮನುಷ್ಯ ಒಬ್ಬನೇ ಅಂದ್ಮೇಲೆ ಪರಿಚಯ ಎರಡ್ಯಾಕೆ? ಇಲ್ಲೊಂದು ಅಲ್ಲೊಂದು ಹೇಳಿದ್ರೆ ನನ್ನನ್ನ ಎರಡು ನಾಲಿಗೆಯೋಳು ಅನ್ನಲ್ವಾ?”

“ಸುಳ್ಳು ಬರೆಯಲ್ಲ. ಯಾರಿಗೆ ಯಾವ್ದು ಬೇಕೋ ಅದನ್ನ ಆರಿಸ್ತೀನಿ, ಅಷ್ಟೇ.”

ದೊಡ್ಡಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅವರು ಕೇಳಿರಲಿಲ್ಲ. “ಆಯ್ತು. ಒಂದೇ ಒಂದು ಸಲ. ಎಡವಟ್ಟಾಯ್ತೋ, ನನ್ನ ಹಳೇ ಹಾಳೆ ನನಗೆ, ನೀನು ನಿಮ್ಮ ಅತ್ತಿಗೆ ಅಂಗಡಿಗೆ.”

ಅತ್ತಿಗೆಯದು ಇಸ್ತ್ರಿ ಅಂಗಡಿ. ಎದುರಿಗೆ ಕೂತು ಬರುವವರ ಜೊತೆ ದಿನವಿಡೀ ಮಾತಾಡಲು ಅವರಿಗೊಬ್ಬಳು ಬೇಕಿತ್ತು. ಇಸ್ತ್ರಿಗೆ ನನಗೆ ಹೆದರಿಕೆಯಿಲ್ಲ. ಹೆದರಿಕೆ ಆ ಮಾತಿಗೆ.

ಆ ಒಂದು ಸಲ ಬಂದದ್ದು ಗಾಲಿಯಮ್ಮನ ರೂಪದಲ್ಲಿ. ಆಸ್ಪತ್ರೆಯ ಮಂಚ, ತಳ್ಳುಗಾಡಿ, ತಿರುಗುವ ಕುರ್ಚಿ ಇವುಗಳ ಕಾಲಿಗೆ ಹಾಕುವ ಪುಟ್ಟ ಗಾಲಿಗಳನ್ನು ಮಾಡುವವರು. ಎಲ್ಲರೂ ಕರೆಯುವುದೇ ಹಾಗೆ. ಒಂದೇ ದಿನ ಅವರಿಗೆ ಎರಡು ಭಾಷಣ. ಬೆಳಿಗ್ಗೆ ಪಾಲಿಟೆಕ್ನಿಕ್ಕಿನ ಹುಡುಗ ಹುಡುಗಿಯರಿಗೆ, ಮಧ್ಯಾಹ್ನ ವ್ಯಾಪಾರಿಗಳ ಸಂಘದಲ್ಲಿ.

ಅವರನ್ನು ನೋಡಲು ಕಾರ್ಖಾನೆಗೆ ಹೋದೆ. ತಗಡಿನ ಸೂರಿನ ಉದ್ದನೆಯ ಕೋಣೆ, ರಬ್ಬರಿನ ವಾಸನೆ, ಇಪ್ಪತ್ತಾರು ಜನ ಕೆಲಸದವರು. ನಾನು ಕೇಳಬೇಕೆಂದು ಬರೆದುಕೊಂಡು ಹೋದದ್ದು ಎರಡೇ ಪ್ರಶ್ನೆ. ಕೇಳಲು ಕಾಲು ಗಂಟೆ ಬೇಕಾಯಿತು.

“ನಿಮ್ಮ ಮಾತು ಕೇಳಿ ಎದ್ದು ಹೋಗೋವಾಗ... ಆ ಹುಡುಗ್ರು ಏನ್ಮಾಡ್ಬೇಕು ಅಂತ ನಿಮಗಾಸೆ?”

“ಮನೆಗೆ ಹೋಗಿ ಕೆಟ್ಟಿರೋದನ್ನ ಏನಾದ್ರೂ ಬಿಚ್ಚಿ ನೋಡ್ಬೇಕು.”

“ವ್ಯಾಪಾರಿಗಳು?”

“ನಾಲ್ಕು ಗಾಲಿ ತಗೊಂಡು ನೋಡ್ಬೇಕು. ನಾಲ್ಕೇ ಸಾಕು. ಅದ್ರಲ್ಲೂ ಆ ನರ್ಸಿಂಗ್ ಹೋಮಿನ ಒಡತಿ ಬರ್ತಾರಂತೆ. ಅವ್ರು ಒಪ್ಪಿದ್ರೆ ಊರೇ ಒಪ್ಪಿದ ಹಾಗೆ.” ಆಮೇಲೆ ನಕ್ಕು ಕೇಳಿದರು, “ಏನಮ್ಮಾ, ಇಷ್ಟೇನಾ? ಬೇರೆಯೋರು ಬಂದ್ರೆ ಪ್ರಶಸ್ತಿ ಎಷ್ಟು ಅಂತ ಮೊದಲು ಕೇಳ್ತಾರೆ.”

ಹಳೇ ಕಥೆ, ಲೆಕ್ಕ ಎಲ್ಲ ಆಮೇಲೆ ಅವರೇ ಹೇಳಿಕೊಂಡು ಹೋದರು, ನಾನು ಬರೆದುಕೊಂಡೆ. ಕೇಳುವುದು ಮುಗಿದ ಮೇಲೆ ನನಗೆ ಸುಲಭದ ಕೆಲಸ, ನೋಡುವುದು. ಗೋಡೆಯ ಪಕ್ಕ ನೆಲದ ಮೇಲೆ ಇಪ್ಪತ್ತು ಅಡಿ ಉದ್ದದ ಬಿಳಿ ಗೆರೆ ಎಳೆದಿತ್ತು. ಅದರ ತುದಿಯಲ್ಲಿ ಸ್ಟೂಲಿನ ಮೇಲೆ ವಯಸ್ಸಾದ ಹೆಂಗಸೊಬ್ಬರು ಬಗ್ಗಿ ಕೂತಿದ್ದರು. ಒಬ್ಬ ಕೆಲಸದವನು ಕಬ್ಬಿಣದ ಚೌಕಟ್ಟಿಗೆ ನಾಲ್ಕು ಗಾಲಿ ಸಿಕ್ಕಿಸಿ, ಮೇಲೆ ಭಾರ ಹೇರಿ, ಗೆರೆಯ ಮೇಲೆ ತಳ್ಳಿದ. ಅದು ನೇರವಾಗಿಯೇ ಬಂದಂತೆ ನನಗೆ ಕಂಡಿತು. “ಬಲಕ್ಕೆ!” ಎಂದು ಆಕೆ ಕೂಗಿದರು. ಅವನು ಮುಖ ಸಪ್ಪೆ ಮಾಡಿಕೊಂಡು ಗಾಲಿಗಳನ್ನು ಬಿಚ್ಚಿದ.

“ನಮ್ಮತ್ತೆ,” ಎಂದರು ಗಾಲಿಯಮ್ಮ. ನಾನು ಪುಸ್ತಕದಲ್ಲಿ ಬಿಳಿ ಗೆರೆ, ಅತ್ತೆ ಎಂದು ಬರೆದುಕೊಂಡೆ. ಇದು ಮನೆಯ ವಿಷಯ, ಯಾರ ಪರಿಚಯಕ್ಕೂ ಆಗುವುದಿಲ್ಲ ಎಂದುಕೊಂಡೆ.

ಮನೆಗೆ ಬಂದು ಎರಡು ಕಟ್ಟು ರಟ್ಟು ಬರೆದೆ. ಹುಡುಗರಿಗೆ, ಅವರದೇ ವಯಸ್ಸಿನಲ್ಲಿ ಗಾಲಿಯಮ್ಮ ಹೇಗಿದ್ದರು ಎಂಬುದರಿಂದ ಶುರು. ಅದರಲ್ಲಿ ಲೆಕ್ಕವಿಲ್ಲ, ಪ್ರಶಸ್ತಿಯಿಲ್ಲ, ಸೋತದ್ದೇ ಹೆಚ್ಚು. ವ್ಯಾಪಾರಿಗಳಿಗೆ ಹಳೇ ಕಥೆ ಬೇಡ. ಎಷ್ಟು ವರ್ಷದಿಂದ, ಎಷ್ಟು ಗಾಲಿ, ಎಷ್ಟು ವಾಪಸ್ ಬಂದವು, ಬಂದರೆ ಏನು ಮಾಡುತ್ತಾರೆ. ಎರಡರಲ್ಲೂ ಅವರ ಭಾಷಣದ ತಿರುಳನ್ನು ನಾನು ಮೊದಲೇ ಹೇಳಿಬಿಡದಂತೆ ನೋಡಿಕೊಂಡೆ. ಎರಡೂ ಒಂದು ನಿಮಿಷದೊಳಗೆ, ಹೆಸರು ಕೊನೆಯಲ್ಲಿ, ಚಪ್ಪಾಳೆಗೆ ಜಾಗ ಸಿಗುವಂತೆ. ಫೋನಿನಲ್ಲಿ ಎರಡನ್ನೂ ಅವರಿಗೆ ಓದಿ ಹೇಳಿದೆ. ಫೋನಾದರೆ ಎದುರಿನ ಮುಖ ಕಾಣುವುದಿಲ್ಲ, ಅದೊಂದು ಅನುಕೂಲ.

“ಎಲ್ಲ ಸರಿ ಇದೆ. ‘ಖ್ಯಾತ’ ಅನ್ನೋದೊಂದು ತೆಗಿ. ನಮ್ಮ ಬೀದಿ ಕೊನೆ ಮನೆಯವ್ರಿಗೇ ನಾನ್ಯಾರು ಅಂತ ಗೊತ್ತಿಲ್ಲ.”

ತೆಗೆದೆ.

ಬೆಳಿಗ್ಗೆ ಪಾಲಿಟೆಕ್ನಿಕ್ಕಿನ ಸಭಾಂಗಣ ತುಂಬಿತ್ತು. ಹುಡುಗರು ಬೆಂಚಿಗೆ ಒರಗಿ, ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡು, ನಿದ್ದೆಗೆ ಸಿದ್ಧರಾಗಿದ್ದರು. ವೇದಿಕೆಯ ನಡುವಿನ ಕುರ್ಚಿಯಲ್ಲಿ ದಪ್ಪ ಮೀಸೆಯ ಅಧ್ಯಕ್ಷರು ಕೂತಿದ್ದರು. ಅವರು ಪೀಠೋಪಕರಣದ ವ್ಯಾಪಾರಿ, ಕಾಲೇಜಿನ ಆಡಳಿತ ಮಂಡಳಿಗೂ ಅವರೇ ಅಧ್ಯಕ್ಷರು, ವ್ಯಾಪಾರಿಗಳ ಸಂಘಕ್ಕೂ ಅವರೇ. ಅವರು ಎರಡೂ ಕಡೆ ಇರುತ್ತಾರೆ ಎಂಬುದು ನನಗೆ ಗೊತ್ತಿತ್ತು. ಆದರೆ ಅದರ ಬಗ್ಗೆ ನಾನು ಯೋಚಿಸಿರಲಿಲ್ಲ.

ದೊಡ್ಡಮ್ಮ ಮೊದಲ ರಟ್ಟು ಎತ್ತಿದರು.

“ನಿಮ್ಮಷ್ಟೇ ವಯಸ್ಸಿನಲ್ಲಿ ಇವರು ಆಸ್ಪತ್ರೆಯ ಒಂದು ಮಂಚದ ಗಾಲಿ ಬಿಚ್ಚಿದರು. ಅದು ಕಿರ್ರೆನ್ನುತ್ತಿತ್ತು, ಅದಕ್ಕೆ. ಬಿಚ್ಚಿದ್ದನ್ನು ಮತ್ತೆ ಜೋಡಿಸಲು ಬರಲಿಲ್ಲ. ಮಂಚದ ಮೇಲೆ ರೋಗಿ ಇದ್ದರು. ಆ ರೋಗಿ ಇವರ ಅಮ್ಮ.”

ಒಂದು ಮೊಬೈಲು ಕೆಳಗಿಳಿಯಿತು. ಆಮೇಲೆ ಇನ್ನೊಂದು.

“ಮೂರು ಕಾಲಿನ ಮಂಚದಲ್ಲಿ ಅಮ್ಮ ಓರೆಯಾಗಿ ಮಲಗಿ ಮಗಳನ್ನು ಬೈದರು. ಎಂಟು ವರ್ಷದ ನಂತರ ಮಗಳು ತಾನೇ ಗಾಲಿ ಮಾಡಿ ಅದೇ ಆಸ್ಪತ್ರೆಗೆ ಕೊಟ್ಟಳು. ಆ ಮಂಚ ನೇರ ಹೋಗಲಿಲ್ಲ. ಎಡಕ್ಕೆ ಓಡಿ ಔಷಧಿಯ ಕೋಣೆಗೆ ನುಗ್ಗಿತು. ಯಾಕೆ ನುಗ್ಗಿತು ಅಂತ ಇವರನ್ನೇ ಕೇಳಿ.”

ಹೆಸರು ಹೇಳುವ ಹೊತ್ತಿಗೆ ಸಭೆ ನಗುತ್ತಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಧ್ಯಕ್ಷರು. ಮೀಸೆ ಒದ್ದೆಯಾಗುವಷ್ಟು ಕಣ್ಣೀರು. ಗಾಲಿಯಮ್ಮ ಚೀಲದಿಂದ ಒಂದು ಹಳೇ ಗಾಲಿ ತೆಗೆದು ಮಾತು ಶುರು ಮಾಡಿದರು, ಮುಗಿಸಿದಾಗ ಹನ್ನೊಂದು ಜನ ಸಾಲು ನಿಂತು ಪ್ರಶ್ನೆ ಕೇಳಿದರು. ಒಬ್ಬಳು ಮನೆಯ ಮಿಕ್ಸಿಯನ್ನು ಬಿಚ್ಚುತ್ತೇನೆ ಎಂದಳು. “ಪ್ಲಗ್ ಕಿತ್ತು ಬಿಚ್ಚಮ್ಮಾ,” ಎಂದರು ಗಾಲಿಯಮ್ಮ.

ಹೊರಗೆ ಬಂದಾಗ ದೊಡ್ಡಮ್ಮ ಹೇಳಿದ್ದು ಇಷ್ಟೇ. “ಇನ್ನೂ ಅರ್ಧ ಬಾಕಿ ಇದೆ. ಹಿಗ್ಗಬೇಡ.”

ವ್ಯಾಪಾರಿಗಳ ಸಂಘದ ಸಭಾಂಗಣ ತಣ್ಣಗಿತ್ತು. ಕುರ್ಚಿಗಳಿಗೆ ಬಿಳಿ ಬಟ್ಟೆ, ಪ್ರತಿಯೊಬ್ಬರ ಮುಂದೆ ಒಂದು ಬಾಟಲಿ ನೀರು. ನಲವತ್ತು ಜನ, ನಲವತ್ತೂ ಗಡಿಯಾರ ನೋಡುವವರು. ಎರಡನೇ ಸಾಲಿನಲ್ಲಿ ನರ್ಸಿಂಗ್ ಹೋಮಿನ ಒಡತಿ ಪುಸ್ತಕ ತೆರೆದು ಪೆನ್ನು ಹಿಡಿದು ಕೂತಿದ್ದರು. ನಾನು ಪರದೆಯ ಸಂದಿಯಿಂದ ಆ ಪೆನ್ನನ್ನೇ ನೋಡುತ್ತಿದ್ದೆ.

“ನಿಮ್ಮ ಅಂಗಡಿ, ಹೋಟೆಲು, ಆಸ್ಪತ್ರೆಗಳಲ್ಲಿ ಗಾಲಿ ಕೆಟ್ಟರೆ ಅವತ್ತಿನ ಕೆಲಸ ನಿಲ್ಲುತ್ತದೆ,” ಎಂದು ದೊಡ್ಡಮ್ಮ ಓದಿದರು. “ಇವರು ಹನ್ನೊಂದು ವರ್ಷದಿಂದ ಗಾಲಿ ಮಾಡುತ್ತಿದ್ದಾರೆ. ಕಳೆದ ವರ್ಷ ಅರವತ್ತು ಸಾವಿರ ಗಾಲಿ ಹೊರಗೆ ಹೋದವು. ವಾಪಸ್ ಬಂದದ್ದು ಮೂವತ್ತೊಂದು. ಆ ಮೂವತ್ತೊಂದಕ್ಕೂ ಎರಡು ದಿನದೊಳಗೆ ಹೊಸ ಗಾಲಿ ಹೋಯಿತು. ಸರಕು ವಾಪಸ್ ಬರದಂತೆ ಮಾಡುವುದು ಹೇಗೆ, ಇವತ್ತು ಅದನ್ನೇ ಹೇಳುತ್ತಾರೆ.”

ಪೆನ್ನು ಬರೆಯಿತು. ಮೂವತ್ತೊಂದು ಎಂದೇ ಬರೆದಿರಬೇಕು. ಯಾರೂ ಗಡಿಯಾರ ನೋಡಲಿಲ್ಲ. ದೊಡ್ಡಮ್ಮ ಹೆಸರು ಹೇಳಿದರು, ಚಪ್ಪಾಳೆ ಬಿತ್ತು, ಗಾಲಿಯಮ್ಮ ಎದ್ದರು. ನಾನು ಉಳಿದ ರಟ್ಟುಗಳನ್ನು ಕಟ್ಟಿಡಲು ಶುರು ಮಾಡಿದೆ.

ಆಗ ಅಧ್ಯಕ್ಷರು ದೊಡ್ಡಮ್ಮನ ಕೈಯಿಂದ ಮೈಕು ತೆಗೆದುಕೊಂಡರು.

“ಒಂದ್ನಿಮಿಷ, ಒಂದ್ನಿಮಿಷ. ಒಳ್ಳೇ ವಿಷಯಾನೇ ಬಿಟ್ಬಿಟ್ರಲ್ಲ! ಬೆಳಿಗ್ಗೆ ಕಾಲೇಜಲ್ಲಿ ಹೇಳಿದ್ರು, ನಾನು ನಕ್ಕೂ ನಕ್ಕೂ ಸಾಕಾಯ್ತು. ಇವ್ರು ಮಾಡಿದ ಮೊದಲನೇ ಗಾಲಿ ಇದ್ಯಲ್ಲ, ಅದನ್ನ ಹಾಕಿದ ಮಂಚ ನೇರಾನೇ ಹೋಗ್ಲಿಲ್ಲ ಕಣ್ರೀ! ರೋಗಿ ಸಮೇತ ಎಡಕ್ಕೆ ಓಡಿ ಔಷಧಿ ಕೋಣೆಗೇ ನುಗ್ತಂತೆ!”

ರೋಗಿ ಸಮೇತ ಎಂದು ನಾನು ಬರೆದಿರಲಿಲ್ಲ. ಅದು ಅಧ್ಯಕ್ಷರ ಕೈವಾಡ. ಬೆಳಿಗ್ಗೆ ಇನ್ನೂರು ಜನ ನಕ್ಕ ಮಾತಿಗೆ ಇಲ್ಲಿ ಅಧ್ಯಕ್ಷರೊಬ್ಬರೇ ನಕ್ಕರು. ಹೋಟೆಲಿನವರು ಪಕ್ಕದವರನ್ನು ನೋಡಿದರು. ಹಿಂದಿನಿಂದ ಒಂದು ದನಿ ಬಂತು.

“ಹಾಗಾದ್ರೆ ಯಾವ್ದ್ರೀ ನಿಜ? ಅಲ್ಲಿ ಹೇಳಿದ್ದೋ, ಇಲ್ಲಿ ಹೇಳಿದ್ದೋ?”

ಒಡತಿ ಪೆನ್ನಿಗೆ ಮುಚ್ಚಳ ಹಾಕಿದರು.

ಟಕ್ ಎಂಬ ಆ ಸದ್ದು ಪರದೆಯ ಹಿಂದೆ ನನಗೆ ಕೇಳಿಸಿತು. ಗಾಲಿಯಮ್ಮ ಅರ್ಧ ದಾರಿಯಲ್ಲಿ ನಿಂತಿದ್ದರು. ಅಧ್ಯಕ್ಷರು ಮೈಕು ಬಿಡದೆ ಇನ್ನೊಂದು ಸಲ ಮೊದಲಿಂದ ಹೇಳಲು ಹೊರಟಿದ್ದರು. ದೊಡ್ಡಮ್ಮ ಪರದೆಯ ಕಡೆ ತಿರುಗಿ, ‘ನೋಡಿದೆಯಾ’ ಎಂಬಂತೆ ಹುಬ್ಬೇರಿಸಿದರು. ನನಗೆ ಅತ್ತಿಗೆಯ ಅಂಗಡಿಯ ಬಿಸಿ ಮುಖಕ್ಕೆ ಹೊಡೆದಂತಾಯಿತು.

ಹೊರಗೆ ಹೋಗಿ ಮಾತಾಡುವುದು ನನ್ನಿಂದಾಗದು. ಕೈ ತಾನಾಗಿ ಪುಸ್ತಕ ತಿರುವಿತು. ಬಿಳಿ ಗೆರೆ, ಅತ್ತೆ. ಆ ಎರಡು ಪದ ಕಂಡೊಡನೆ ಗೊತ್ತಾಯಿತು. ಎಡಕ್ಕೆ ಓಡಿದ ಮಂಚ ಹುಡುಗರಿಗೆ ಮಾತ್ರ ಎಂದು ನಾನು ಎತ್ತಿಟ್ಟಿದ್ದು ತಪ್ಪು. ಹುಡುಗರಿಗೆ ಮಂಚ ಓಡಿದ್ದು ಸಾಕು. ವ್ಯಾಪಾರಿಗಳಿಗೆ ಬೇಕಾದ್ದು, ಓಡಿದ ಮಾರನೇ ದಿನ ಏನಾಯಿತು ಎಂಬುದು. ಎರಡು ಹೊಸ ರಟ್ಟು ತೆಗೆದು ಬರೆದೆ. ಬರೆಯುವ ಆತುರದಲ್ಲಿ ದೊಡ್ಡಮ್ಮನಿಗೆ ತಿಳಿಯಲೆಂದು ಮೊದಲ ಸಾಲಿನಲ್ಲೇ ಒಂದು ಮಾತು ಸೇರಿಸಿದೆ. ಪರದೆಯ ಕೆಳಗಿನಿಂದ ಕೈ ಚಾಚಿ ಅವರ ಸೆರಗು ಜಗ್ಗಿ ರಟ್ಟು ಕೊಟ್ಟೆ. ಕೈ ಬಿಟ್ಟ ಮೇಲೆ ನೆನಪಾಯಿತು.

ಅಷ್ಟರಲ್ಲಿ ದೊಡ್ಡಮ್ಮ ರಟ್ಟನ್ನು ಮೂಗಿನ ಹತ್ತಿರ ಹಿಡಿದು, ಅಧ್ಯಕ್ಷರ ಪಕ್ಕಕ್ಕೆ ಬಂದು, ತುಂಬು ಗಂಟಲಲ್ಲಿ ಓದಿಯಾಗಿತ್ತು.

“ದೊಡ್ಡಮ್ಮ, ಮೊದಲು ಅಧ್ಯಕ್ಷರ ಕೈಯಿಂದ ಮೈಕು ತಗೊಳ್ಳಿ. ಸುಮ್ಮನೆ ಕೇಳಿದರೆ ಬಿಡಲ್ಲ, ಎಳೀಬೇಕು.”

ಅವರಿಗೆ ಮೈಕು ಬೇಕಿರಲಿಲ್ಲ. ಆದರೂ ಅಧ್ಯಕ್ಷರ ಕೈಯಲ್ಲಿದ್ದ ಮೈಕು ಆ ಮಾತನ್ನು ಹಿಡಿದು ನಾಲ್ಕೂ ಗೋಡೆಗೆ ಬಡಿಯಿತು.

ನಲವತ್ತು ಜನ ಒಟ್ಟಿಗೆ ನಕ್ಕರು. ಅದೆಷ್ಟು ವರ್ಷದಿಂದ ಈ ಮಾತನ್ನು ಹೇಳಬೇಕೆಂದು ಕಾದಿದ್ದರೋ. ಹೋಟೆಲಿನವರು ಮೇಜು ತಟ್ಟಿದರು. “ಎಳೀರಿ ದೊಡ್ಡಮ್ಮಾ!” ಎಂದು ಹಿಂದಿನಿಂದ ಯಾರೋ ಕೂಗಿದರು. ಅಧ್ಯಕ್ಷರ ಮುಖ ಕೆಂಪಾಯಿತು, ಆಮೇಲೆ ಮೀಸೆ ಅಲುಗಿತು, ಕೊನೆಗೆ ಅವರೂ ನಕ್ಕು ಎರಡೂ ಕೈಯಲ್ಲಿ ಮೈಕನ್ನು ಒಪ್ಪಿಸಿದರು. “ಎಳೆಯೋದು ಬೇಡ್ರಮ್ಮ, ನಾನೇ ಕೊಟ್ಟೆ.”

ದೊಡ್ಡಮ್ಮನಿಗೆ ಏನಾಯಿತೆಂದು ಸರಿಯಾಗಿ ತಿಳಿದಿರಲಿಲ್ಲ. ತಿಳಿಯದಿದ್ದರೂ ನಿಲ್ಲಿಸುವ ಜಾತಿಯವರಲ್ಲ. ಮುಂದಿನ ಸಾಲಿಗೆ ಹೋದರು.

“ಹೌದು, ಮೊದಲ ಮಂಚ ಎಡಕ್ಕೆ ಓಡಿತು. ಎರಡೂ ಕಡೆ ಹೇಳಿದ್ದು ನಿಜ. ಮಂಚ ಓಡಿದ ಮಾರನೇ ದಿನ ಇವರು ನೆಲದ ಮೇಲೆ ಇಪ್ಪತ್ತು ಅಡಿಯ ಬಿಳಿ ಗೆರೆ ಎಳೆದರು. ಅಂದಿನಿಂದ ಪ್ರತಿ ನಾಲ್ಕು ಗಾಲಿಯೂ ಭಾರ ಹೊತ್ತು ಆ ಗೆರೆಯ ಮೇಲೆ ಓಡಬೇಕು. ಗೆರೆ ತಪ್ಪಿದ ಗಾಲಿ ಬಾಗಿಲು ದಾಟುವುದಿಲ್ಲ. ಅರವತ್ತು ಸಾವಿರಕ್ಕೆ ಮೂವತ್ತೊಂದು ಮಾತ್ರ ವಾಪಸ್ ಬಂದದ್ದು ಹೀಗೆ.”

ಮಾರನೇ ದಿನವೇ ಎಂಬುದು ನನಗೆ ಗೊತ್ತಿರಲಿಲ್ಲ. ಬರೆದುಬಿಟ್ಟಿದ್ದೆ. ಸುಳ್ಳು ಬರೆಯಲ್ಲ ಎಂದವಳು ನಾನೇ.

ಗಾಲಿಯಮ್ಮ ಮೈಕಿನ ಮುಂದೆ ಬಂದು ಮೊದಲು ಆ ಮಾತನ್ನೇ ಹಿಡಿದರು. “ಒಂದು ತಿದ್ದುಪಡಿ. ಮಾರನೇ ದಿನ ಅಲ್ಲ, ಅವತ್ತು ಸಂಜೇನೇ ಎಳೆದೆ. ಮಾರನೇ ದಿನದವರೆಗೂ ಕಾಯೋಕೆ ಆಸ್ಪತ್ರೆಯೋರು ಬಿಡ್ಲಿಲ್ಲ.”

ಮತ್ತೆ ನಗು. ಈ ಸಲದ ನಗು ಬೇರೆ. ಒಡತಿ ಕೈ ಎತ್ತಿದರು. “ಗೆರೆ ಇದೆ, ಸರಿ. ಅದನ್ನ ನೋಡೋರು ಯಾರು? ನಮ್ಮಲ್ಲೂ ಎಲ್ಲಾದಕ್ಕೂ ಗೆರೆ ಇದೆ, ನೋಡೋರಿಲ್ಲ.”

“ನಮ್ಮತ್ತೆ,” ಎಂದರು ಗಾಲಿಯಮ್ಮ. “ನಾನು ಮದುವೆಯಾಗಿ ಬಂದಾಗಿಂದ ಮನೇಲಿ ಎಲ್ಲಾದ್ರಲ್ಲೂ ತಪ್ಪು ಹುಡುಕ್ತಿದ್ರು. ಇಂಥ ಕಣ್ಣು ಮನೇಲಿ ಹಾಳಾಗ್ತಿದ್ಯಲ್ಲ ಅಂತ ಕಾರ್ಖಾನೆಗೆ ಕರ್ಕೊಂಡು ಹೋದೆ. ಈಗ ಗಾಲಿ ಮೇಲೆ ಬೈತಾರೆ. ಮನೇಲೂ ನೆಮ್ಮದಿ, ಕಾರ್ಖಾನೇಲೂ ನೆಮ್ಮದಿ.”

ಒಡತಿ ಪೆನ್ನಿನ ಮುಚ್ಚಳ ತೆಗೆದರು. ಆಮೇಲಿನ ಅರ್ಧ ಗಂಟೆ ಅದನ್ನು ಮತ್ತೆ ಹಾಕಲಿಲ್ಲ. ಸಭೆ ಮುಗಿದಾಗ ಗಾಲಿಯಮ್ಮನ ಹತ್ತಿರ ಬಂದು, “ಎರಡು ಮಂಚಕ್ಕೆ ಎಂಟು ಗಾಲಿ ಕಳಿಸಿ, ನೋಡೋಣ. ಎಡಕ್ಕೆ ಓಡಿದ್ರೆ ಗಾಲಿ ವಾಪಸ್ ಕಳಿಸಲ್ಲ, ನಿಮ್ಮತ್ತೇನೇ ಕರೆಸ್ತೀನಿ,” ಎಂದರು.

ಗಾಲಿಯಮ್ಮ ಹೋಗುವ ಮುನ್ನ ಪರದೆ ಸರಿಸಿ ನನ್ನ ತಲೆ ಸವರಿದರು. “ಗೆರೆ ನೋಡ್ಕೊಂಡು ಹೋಗಿದ್ಯಲ್ಲ ಮರೀ. ನಾನೇ ಹೇಳ್ಬೇಕು ಅಂದ್ಕೊಂಡಿರ್ಲಿಲ್ಲ ಅದನ್ನ.”

ಬಸ್ಸಿನಲ್ಲಿ ದೊಡ್ಡಮ್ಮ ಕಿಟಕಿಯ ಪಕ್ಕ ಕೂತರು. ನನಗೆ ಇಸ್ತ್ರಿಯ ವಾಸನೆ ಬರುತ್ತಲೇ ಇತ್ತು.

“ನನಗೆ ಹೇಳೋ ಮಾತನ್ನ ರಟ್ಟಿನ ಮೇಲೆ ಯಾಕೆ ಬರೆದೆ? ಬಾಯಲ್ಲಿ ಹೇಳೋಕೇನು ಧಾಡಿ?”

“ನನಗೆ ಅಷ್ಟು ಜನದ ಮುಂದೆ ಬಾಯಿ ಬರಲ್ಲ ದೊಡ್ಡಮ್ಮ.”

“ನನಗೆ ಅಷ್ಟು ಹತ್ತಿರದ್ದು ಕಣ್ಣಿಗೆ ಬರಲ್ಲ,” ಎಂದರು ಅವರು. ಕನ್ನಡಕದ ವಿಷಯಕ್ಕೆ ಅವರು ಅಷ್ಟು ಹತ್ತಿರ ಬಂದದ್ದು ಅದೇ ಮೊದಲು. ಆಮೇಲೆ ಕಿಟಕಿಯ ಕಡೆ ತಿರುಗಿ, ಓಲೆ ಸರಿ ಮಾಡಿಕೊಂಡು, ಫೋನು ತೆಗೆದು ನನ್ನ ಕೈಗೆ ಕೊಟ್ಟರು. “ನಿಮ್ಮ ಅತ್ತಿಗೆ ನಂಬರ್ ಒತ್ತು.”

ಒತ್ತಿದೆ. ಬಸ್ಸಿಗೆಲ್ಲ ಕೇಳುವಂತೆ ದೊಡ್ಡಮ್ಮ ಮಾತಾಡಿದರು.

“ನೋಡೇ, ಇವಳು ನಿನ್ನ ಅಂಗಡಿಗೆ ಆಗಲ್ಲ. ಬಂದೋರ ಜೊತೆ ತುಟಿ ಬಿಚ್ಚಲ್ಲ. ಎಲ್ಲಾನೂ ಕಣ್ ಕಣ್ ಬಿಟ್ಕೊಂಡು ನೋಡ್ತಾ ನಿಂತ್ಬಿಡ್ತಾಳೆ, ಅಷ್ಟರಲ್ಲಿ ಬಟ್ಟೆ ಸುಟ್ಟಿರುತ್ತೆ. ಬೇರೆ ಯಾರನ್ನಾದ್ರೂ ನೋಡ್ಕೋ.”

ಇಟ್ಟರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಫೋನು ತಾನೇ ಬಡಿದುಕೊಂಡಿತು. ಮುಂದಿನ ವಾರದ ಸಭೆಯವರು. ಅಗ್ನಿಶಾಮಕ ಠಾಣೆಯ ಅಧಿಕಾರಿಯನ್ನು ಬೆಳಿಗ್ಗೆ ಪುಟ್ಟ ಮಕ್ಕಳ ಶಾಲೆಗೆ, ಮಧ್ಯಾಹ್ನ ಗೋದಾಮಿನ ಮಾಲೀಕರಿಗೆ ಪರಿಚಯಿಸಬೇಕಂತೆ.

“ಓಹೋ, ಆಗ್ಲಿ,” ಎಂದರು ದೊಡ್ಡಮ್ಮ. “ನಮ್ಮ ಹುಡುಗಿ ಇದ್ದಾಳೆ, ಅವಳೇ ಬರೀತಾಳೆ. ಮಾತು ಕಮ್ಮಿ. ಆದ್ರೆ ಕಣ್ಣಿಂದ ಒಂದೂ ತಪ್ಪಿಸಿಕೊಳ್ಳಲ್ಲ. ಅಂಥೋಳು ನಿಮಗೆ ಇನ್ನೊಬ್ಳು ಸಿಗಲ್ಲ ಬಿಡಿ.”

ಎರಡೂ ನಾನೇ. ಎರಡರಲ್ಲೂ ಸುಳ್ಳಿರಲಿಲ್ಲ. ನಾನು ದೊಡ್ಡಮ್ಮನ ಮುಖವನ್ನೇ ನೋಡಿದೆ.

“ಏನೇ ಹಾಗೆ ನೋಡ್ತೀಯಾ?”

“ಏನಿಲ್ಲ ದೊಡ್ಡಮ್ಮ. ಮನುಷ್ಯ ಒಬ್ಬನೇ ಅಂದ್ಮೇಲೆ ಪರಿಚಯ ಎರಡ್ಯಾಕೆ ಅಂತ.”

ದೊಡ್ಡಮ್ಮ ಬಾಯಿ ತೆರೆದರು. ಓದಲು ಕೈಯಲ್ಲಿ ರಟ್ಟಿರಲಿಲ್ಲ. ಮುಚ್ಚಿಕೊಂಡರು.